ಚಾಕಿ ಸಾಕಾಣಿಕೆ: ಪಾಠ ತಪ್ಪಿದವರಿಗಾಗಿ ಒಂದು ಅಧ್ಯಾಯದ ಸಾರ, ಮೊಟ್ಟೆಯಿಂದ ಎರಡನೇ ಜ್ವರದವರೆಗೆ

ಹಬ್ಬಕ್ಕೆ ಊರಿಗೆ ಹೋಗಿದ್ದ ಗೆಳೆಯ ಗೆಳತಿಯರಿಗಾಗಿ, ಚಿಂತಾಮಣಿಯ ನಮ್ಮ ತರಗತಿಯಲ್ಲಿ ಮೇಡಂ ಎರಡು ಗಂಟೆ ಮಾಡಿದ ಚಾಕಿ ಅಧ್ಯಾಯವನ್ನು ಇಲ್ಲಿ ಬರೆದಿದ್ದೇನೆ. ಬಸ್ಸಿನಲ್ಲಿ ಕೂತು ಓದಿ ಮುಗಿಸುವಷ್ಟು ಚಿಕ್ಕದಾಗಿರಬೇಕು, ಆದರೆ ಮುಂದಿನ ವಾರ ಪ್ರಾಯೋಗಿಕ ತರಗತಿಯಲ್ಲಿ ಟ್ರೇ ಮುಂದೆ ನಿಂತಾಗ ಕೈಗೆ ಬೇಕಾದುದೆಲ್ಲ ಇದರಲ್ಲಿ ಸಿಗಬೇಕು ಎಂಬುದು ನನ್ನ ಉದ್ದೇಶ.

ಸಮಯ ಇಲ್ಲದವರು ಈ ಪ್ಯಾರಾವನ್ನಾದರೂ ಓದಿಕೊಳ್ಳಿ. ರೇಷ್ಮೆ ಹುಳುವಿನ ಐದು ವಯಸ್ಸುಗಳಲ್ಲಿ ಮೊದಲ ಎರಡನ್ನು ಚಾಕಿ ಎನ್ನುತ್ತೇವೆ. ಒಂದು ವಯಸ್ಸಿನಿಂದ ಇನ್ನೊಂದಕ್ಕೆ ಹೋಗುವಾಗ ಹುಳು ಮೇವು ಬಿಟ್ಟು ಚರ್ಮ ಕಳಚುವ ವಿಶ್ರಾಂತಿಯೇ ಜ್ವರ. ಚಾಕಿ ಎಂದರೆ ಮೊಟ್ಟೆ ಒಡೆದ ದಿನದಿಂದ ಎರಡನೇ ಜ್ವರ ಏಳುವವರೆಗೆ, ಸುಮಾರು ಎಂಟು ದಿನಗಳ ಅವಧಿ. ಈ ಅವಧಿಯಲ್ಲಿ ಹುಳುವಿಗೆ ಬೇಕಾದದ್ದು ಎಳೆಯ ರಸಭರಿತ ಸೊಪ್ಪು, 27ರಿಂದ 28 ಡಿಗ್ರಿ ಸೆಲ್ಸಿಯಸ್ ಬಿಸಿ ಮತ್ತು ಶೇ 85ರಿಂದ 90ರಷ್ಟು ತೇವ. ಜ್ವರದ ಹೊತ್ತಿನಲ್ಲಿ ಮಾತ್ರ ಇದೇ ತೇವ ಶತ್ರುವಾಗುತ್ತದೆ, ಆಗ ಹಾಸಿಗೆ ಒಣಗಿರಬೇಕು. ಮೇಯುವಾಗ ತೇವ, ಜ್ವರದಲ್ಲಿ ಒಣ: ಅಧ್ಯಾಯದ ಮುಕ್ಕಾಲು ಭಾಗ ಈ ಒಂದು ಬದಲಾವಣೆಯನ್ನು ಸರಿಯಾದ ಗಳಿಗೆಯಲ್ಲಿ ಮಾಡುವುದು ಹೇಗೆ ಎಂಬುದರ ಸುತ್ತಲೇ ಇದೆ.

ಲೆಕ್ಕದ ಆಧಾರ: ನೂರು ಮೊಟ್ಟೆ

ಶಿಡ್ಲಘಟ್ಟದ ಕಡೆಯ ರೈತರು "ನೂರು ಮೊಟ್ಟೆ ಹಾಕಿದೀನಿ" ಎಂದರೆ ನೂರು ಬಿಡಿ ಮೊಟ್ಟೆಯಲ್ಲ, ನೂರು ಚಿಟ್ಟೆಗಳು ಇಟ್ಟ, ರೋಗರಹಿತ ಎಂದು ಪರೀಕ್ಷಿಸಿದ ಮೊಟ್ಟೆಗಳ ಗುಂಪು ಎಂದು ಅರ್ಥ. ಮಿಶ್ರತಳಿಯಲ್ಲಿ ಒಂದು ಚಿಟ್ಟೆಗೆ ಸುಮಾರು 400 ಮೊಟ್ಟೆ ಎಂದುಕೊಂಡರೆ ಒಟ್ಟು 40,000 ಆಯಿತು. ಶೇ 95ರಷ್ಟು ಒಡೆದರೆ ನಮ್ಮ ಕೈಗೆ 38,000 ಹುಳು ಬರುತ್ತವೆ. ಈ 38,000 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಅದನ್ನು ಲೆಕ್ಕ ಹಾಕಿ ನೋಡುತ್ತೇವೆ.

ಇಷ್ಟು ಹುಳುಗಳು ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ಚಾಕಿಯ ಪಾಲು ನೂರಕ್ಕೆ ಒಂದರಷ್ಟು ಮಾತ್ರ, ಎಂದರೆ ಎಂಟೊಂಬತ್ತು ಕಿಲೋ. ಹಾಗಿದ್ದರೂ ಮೊದಲ ವಯಸ್ಸೊಂದರಲ್ಲೇ ಹುಳು ಹುಟ್ಟಿದಾಗಿನ ತೂಕದ ಹದಿನೈದು ಪಟ್ಟಿನಷ್ಟು ಬೆಳೆಯುತ್ತದೆ. ಹುಟ್ಟಿದ ಹುಳು ಮೂರು ಮಿಲಿಮೀಟರ್ ಉದ್ದದ, ಕಪ್ಪು ಕೂದಲಿನ ತುಣುಕಿನಂಥದ್ದು, ಅರ್ಧ ಮಿಲಿಗ್ರಾಂ ತೂಕವೂ ಇರುವುದಿಲ್ಲ. ಎರಡು ಬೆರಳು ದೂರದಲ್ಲಿ ಹಸಿ ಸೊಪ್ಪಿದ್ದರೂ ಅದು ಅಲ್ಲಿಗೆ ಹುಡುಕಿಕೊಂಡು ಹೋಗಲಾರದು. ತಾನು ಕೂತಲ್ಲಿನ ತುಂಡು ಬಾಡಿದರೆ ಅಲ್ಲೇ ಉಪವಾಸ ಬೀಳುತ್ತದೆ. ಚಾಕಿಯ ನಿಯಮಗಳೆಲ್ಲ ಈ ಒಂದು ಅಸಹಾಯಕತೆಯಿಂದ ಹುಟ್ಟಿದವು ಎಂದು ತಿಳಿದರೆ ಬಾಯಿಪಾಠ ಮಾಡುವ ಕೆಲಸ ಬಹಳ ಕಡಿಮೆಯಾಗುತ್ತದೆ.

ಮೊದಲ ಹಂತ: ಕೋಣೆ ತೊಳೆಯುವುದು

ಚಾಕಿ ಕಟ್ಟುವ ಮೂರು ನಾಲ್ಕು ದಿನ ಮೊದಲೇ ಕೋಣೆ, ಸ್ಟ್ಯಾಂಡು, ಟ್ರೇಗಳನ್ನು ತೊಳೆದು ಸೋಂಕು ನಿವಾರಣೆ ಮಾಡಬೇಕು. ತರಗತಿಯಲ್ಲಿ ಹೇಳಿಕೊಟ್ಟ ದ್ರಾವಣ ಶೇ 2ರ ಬ್ಲೀಚಿಂಗ್ ಪುಡಿ ಮತ್ತು ಶೇ 0.3ರ ಅರಳಿದ ಸುಣ್ಣದ್ದು. ಹತ್ತು ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ, 30 ಗ್ರಾಂ ಸುಣ್ಣ. ಗೋಡೆ, ನೆಲ, ಮೂಲೆಗಳು ಅರ್ಧ ಗಂಟೆ ಒದ್ದೆಯಾಗಿಯೇ ಇರುವಂತೆ ಸಿಂಪಡಿಸಬೇಕು, ಬೇಗ ಒಣಗಿದರೆ ಕ್ಲೋರಿನ್ನಿಗೆ ಕೆಲಸ ಮಾಡಲು ಸಮಯ ಸಿಗುವುದಿಲ್ಲ. ಪುಡಿ ಹಳೆಯದಾಗಿ ಗಡ್ಡೆ ಕಟ್ಟಿ ವಾಸನೆ ಕಳೆದುಕೊಂಡಿದ್ದರೆ ಅದರಲ್ಲಿ ಕ್ಲೋರಿನ್ ಉಳಿದಿಲ್ಲ ಎಂದೇ ತಿಳಿಯಬೇಕು.

ದೊಡ್ಡ ಹುಳು ಇರುವ ಮನೆಯಲ್ಲಿ ಓಡಾಡಿದ ಚಪ್ಪಲಿ, ಬಟ್ಟೆಯಲ್ಲಿ ಚಾಕಿ ಕೋಣೆಗೆ ಕಾಲಿಡಬಾರದು. ಚಾಕಿಯಲ್ಲಿ ತಗುಲಿದ ಹಾಲುತೊಂಡೆಯ ಸೋಂಕು ಅನೇಕ ಸಲ ಅಲ್ಲಿ ಕಣ್ಣಿಗೇ ಬೀಳದೆ, ಮುಂದಿನ ವಯಸ್ಸುಗಳಲ್ಲಿ ರೈತರ ಮನೆಯಲ್ಲಿ ಕಾಣಿಸಿಕೊಳ್ಳುತ್ತದೆ. ತಪ್ಪು ಒಂದು ಕಡೆ, ನಷ್ಟ ಇನ್ನೊಂದು ಕಡೆ ಆಗುವುದರಿಂದ ಚಾಕಿ ಮಾಡುವವರ ಹೊಣೆ ಇಲ್ಲಿ ಹೆಚ್ಚು.

ಎರಡನೇ ಹಂತ: ಎಲ್ಲ ಹುಳು ಒಂದೇ ಬೆಳಿಗ್ಗೆ ಹುಟ್ಟಬೇಕು

ಮೊಟ್ಟೆಗಳನ್ನು 25 ಡಿಗ್ರಿಯಲ್ಲಿ, ಶೇ 75ರಿಂದ 80ರ ತೇವದಲ್ಲಿ ಇಟ್ಟಿರುತ್ತೇವೆ. ಒಡೆಯುವ ಎರಡು ದಿನ ಮೊದಲು ಪ್ರತಿ ಮೊಟ್ಟೆಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುತ್ತದೆ. ಅದು ಒಳಗಿರುವ ಹುಳುವಿನ ತಲೆ. ಮಾರನೆಯ ದಿನ ಮೊಟ್ಟೆ ಪೂರ್ತಿ ನೀಲಿ ಛಾಯೆಗೆ ತಿರುಗುತ್ತದೆ. ಚುಕ್ಕೆ ಕಂಡ ದಿನವೇ ಮೊಟ್ಟೆ ಹಾಳೆಗಳನ್ನು ಕಪ್ಪು ಕಾಗದದಲ್ಲಿ ಸಡಿಲವಾಗಿ ಸುತ್ತಿ ಕತ್ತಲಲ್ಲಿಡಬೇಕು. ಕತ್ತಲೆಯಲ್ಲಿ ಮುಂದಿರುವ ಹುಳುಗಳು ತಡೆಯುತ್ತವೆ, ಹಿಂದಿರುವವು ಬೆಳೆದು ಅವುಗಳ ಜೊತೆ ಸೇರುತ್ತವೆ. ಮೂರನೆಯ ದಿನ ಬೆಳಗಿನ ಜಾವ ಕಾಗದ ಬಿಚ್ಚಿ ಬೆಳಕಿಗೆ ಒಡ್ಡಿದರೆ ಎರಡು ಮೂರು ಗಂಟೆಯೊಳಗೆ ಹೆಚ್ಚುಕಡಿಮೆ ಎಲ್ಲವೂ ಹೊರಬರುತ್ತವೆ.

ಈ ಹೆಜ್ಜೆ ತಪ್ಪಿದರೆ ಒಡೆಯುವಿಕೆ ಎರಡು ದಿನಕ್ಕೆ ಹರಡಿಕೊಳ್ಳುತ್ತದೆ. ಆಗ ಎರಡನೆಯ ದಿನದ ಹುಳುಗಳನ್ನು ಮೊದಲ ದಿನದವುಗಳ ಜೊತೆ ಎಂದೂ ಬೆರೆಸಬಾರದು, ಬೇರೆ ಟ್ರೇಯಲ್ಲೇ ಇಡಬೇಕು. ಬೆರೆಸಿದರೆ ಒಂದು ಗುಂಪು ಮೇಯುತ್ತಿರುವಾಗ ಇನ್ನೊಂದು ಗುಂಪು ಜ್ವರದಲ್ಲಿರುತ್ತದೆ, ಯಾರಿಗೆ ಅನುಕೂಲ ಮಾಡಿದರೂ ಇನ್ನೊಬ್ಬರಿಗೆ ಕೇಡು.

ಮೂರನೇ ಹಂತ: ಚಾಕಿ ಕಟ್ಟುವುದು

ಹುಳು ಹೊರಬಂದ ಮೇಲೆ, ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ, ಎಳೆ ಸೊಪ್ಪನ್ನು ಅರ್ಧ ಸೆಂಟಿಮೀಟರ್ ಚೌಕದ ತುಂಡುಗಳಾಗಿ ಕತ್ತರಿಸಿ ಹಾಳೆಯ ಮೇಲೆ ತೆಳ್ಳಗೆ ಉದುರಿಸಬೇಕು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹುಳುಗಳು ತುಂಡುಗಳನ್ನು ಹತ್ತಿಕೊಳ್ಳುತ್ತವೆ. ಆಮೇಲೆ ಹಾಳೆಯನ್ನು ಟ್ರೇಯ ಮೇಲೆ ಓರೆ ಹಿಡಿದು ಹಿಂಬದಿ ಮೆಲ್ಲಗೆ ತಟ್ಟಿ, ಉಳಿದವನ್ನು ಮೃದುವಾದ ಗರಿಯಿಂದ ಸರಿಸಬೇಕು. ಬೆರಳಿನಿಂದ ಮುಟ್ಟಲೇಬಾರದು.

ಟ್ರೇಯ ತಳದಲ್ಲಿ ಪ್ಯಾರಾಫಿನ್ ಕಾಗದ, ಅಂಚಿನ ಸುತ್ತ ನೀರಿನಲ್ಲಿ ಅದ್ದಿ ಹಿಂಡಿದ ಫೋಮ್ ಪಟ್ಟಿ, ಮೇಲೆ ಇನ್ನೊಂದು ಪ್ಯಾರಾಫಿನ್ ಕಾಗದದ ಮುಚ್ಚಿಗೆ. ಹೀಗೆ ಹಾಸಿಗೆಯೊಳಗೆ ತೇವ ನಿಲ್ಲುತ್ತದೆ, ಸೊಪ್ಪು ಬಾಡುವುದಿಲ್ಲ. ಪ್ರತಿ ಮೇವಿಗೆ ಅರ್ಧ ಗಂಟೆ ಮೊದಲು ಮೇಲಿನ ಕಾಗದ ತೆಗೆದು ಗಾಳಿ ಆಡಲು ಬಿಡಬೇಕು.

ಕೋಣೆಯ ತೇವ ಅಳೆಯಲು ಒಣ ಬಲ್ಬ್ ಮತ್ತು ಒದ್ದೆ ಬಲ್ಬ್ ಇರುವ ಜೋಡಿ ಉಷ್ಣಮಾಪಕ ಸಾಕು. ಒಣ ಬಲ್ಬ್ 28 ಡಿಗ್ರಿ ತೋರಿಸುವಾಗ ಒದ್ದೆ ಬಲ್ಬ್ 26ಕ್ಕಿಂತ ಕೆಳಗೆ ಇಳಿಯಬಾರದು, ಎಂದರೆ ವ್ಯತ್ಯಾಸ 2 ಡಿಗ್ರಿ ಮೀರಬಾರದು. ನಮ್ಮ ಬಯಲುಸೀಮೆಯಲ್ಲಿ ಮಾರ್ಚ್‌ನಿಂದ ಮೇವರೆಗಿನ ಮಧ್ಯಾಹ್ನಗಳಲ್ಲಿ ಈ ಅಂತರ ಬಹಳ ಬೇಗ ಹಿಗ್ಗುತ್ತದೆ. ಆಗ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಬೇಕು, ನೆಲಕ್ಕೆ ನೀರು ಚಿಮುಕಿಸಬೇಕು. ಆದರೆ ಸೊಪ್ಪಿಗೆ ನೀರು ಹೊಡೆದು ಒದ್ದೆ ಸೊಪ್ಪು ಹಾಕುವುದು ಪರಿಹಾರವಲ್ಲ, ಅದರಿಂದ ಹಾಸಿಗೆ ಕೊಳೆಯುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೋಣೆಯೊಳಗೆ ಕೆಂಡ ಇಡುವ ಹಳೆಯ ಪದ್ಧತಿಯಲ್ಲಿ ಹೊಗೆ ನಿಲ್ಲುವ ಅಪಾಯವಿದೆ. ವಿದ್ಯುತ್ ಹೀಟರ್ ಬಳಸಿ, ಅದರ ಪಕ್ಕದಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಇಡುವುದು ಒಳ್ಳೆಯದು.

ನಾಲ್ಕನೇ ಹಂತ: ಯಾವ ಎಲೆ

ಈ ಭಾಗವನ್ನು ಮೇಡಂ ತೋಟದಲ್ಲೇ ನಿಂತು ತೋರಿಸಿದರು, ಆದ್ದರಿಂದ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ. ಹಿಪ್ಪುನೇರಳೆ ಕಡ್ಡಿಯ ತುದಿಯಿಂದ ಕೆಳಗೆ ಕಣ್ಣು ಹಾಯಿಸುತ್ತಾ ಬನ್ನಿ. ತುದಿಯ ಎಲೆಗಳು ಚಿಕ್ಕವು, ತಿಳಿ ಹಸಿರು, ಎಣ್ಣೆ ಸವರಿದಂತೆ ಹೊಳೆಯುತ್ತವೆ. ಕೆಳಗೆ ಬಂದಂತೆ ಎಲೆ ದೊಡ್ಡದಾಗುತ್ತದೆ, ಹೊಳಪು ಕಡಿಮೆಯಾಗುತ್ತದೆ. ಹೊಳಪು ಇನ್ನೂ ಉಳಿದಿರುವ ಎಲೆಗಳಲ್ಲಿ ಅತಿ ದೊಡ್ಡದನ್ನು ಗುರುತಿಸಿ. ಮೊದಲ ವಯಸ್ಸಿಗೆ ಆ ಎಲೆ ಮತ್ತು ಅದರ ಕೆಳಗಿನ ಒಂದೆರಡು ಎಲೆ, ಎರಡನೇ ವಯಸ್ಸಿಗೆ ಇನ್ನೂ ಕೆಳಗಿನ ಎರಡು ಮೂರು ಎಲೆ ಸರಿಯಾದ ಮೇವು.

ಅದಕ್ಕಿಂತ ಮೇಲಿನ ಎಲೆ ತೀರ ಎಳಸು, ಪೋಷಕಾಂಶ ಕಡಿಮೆ. ಕೆಳಗಿನ ಬಲಿತ ಎಲೆಯಲ್ಲಿ ನೀರಿನಂಶ ಕಡಿಮೆ, ಚಿಕ್ಕ ಹುಳುವಿನ ಬಾಯಿಗೆ ಅದು ಒಗ್ಗದು. ಚಾಕಿ ಸೊಪ್ಪಿನಲ್ಲಿ ಶೇ 80ರಷ್ಟು ನೀರಿರಬೇಕು ಎಂಬ ಮಾತಿನ ಅರ್ಥ ಇದೇ. ಎಲೆಯನ್ನು ಬೆಳಗಿನ ತಂಪಿನಲ್ಲಿ ಕೊಯ್ದು, ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ಸಡಿಲವಾಗಿ ಇಡಬೇಕು. ಒತ್ತಿ ತುಂಬಿದರೆ ಒಳಗೆ ಕಾವು ಹುಟ್ಟಿ ಎಲೆ ಕೆಡುತ್ತದೆ. ಬುಟ್ಟಿಯೊಳಗೆ ಕೈ ಹಾಕಿದಾಗ ಬೆಚ್ಚಗಿದ್ದರೆ ಆ ಸೊಪ್ಪನ್ನು ಚಾಕಿಗೆ ಬಳಸಬೇಡಿ.

ಐದನೇ ಹಂತ: ಎಂಟು ದಿನದ ದಿನಚರಿ

ತರಗತಿಯಲ್ಲಿ ಬಿಡಿಸಿದ ಉದಾಹರಣೆಯನ್ನು ಇಲ್ಲಿ ವಾರದ ದಿನಗಳ ಲೆಕ್ಕದಲ್ಲಿ ಕೊಡುತ್ತೇನೆ. ನೂರು ಮೊಟ್ಟೆಯ ಹುಳುವನ್ನು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಟ್ಟಿದೆವು ಎಂದುಕೊಳ್ಳಿ. ದಿನಕ್ಕೆ ಎರಡು ಮೇವು, ಬೆಳಿಗ್ಗೆ ಒಮ್ಮೆ, ಸಂಜೆ ನಾಲ್ಕೂವರೆಗೆ ಒಮ್ಮೆ. ಸೋಮವಾರ ಮೊದಲ ಮೇವು 200 ಗ್ರಾಂ, ಸಂಜೆ 250. ಮಂಗಳವಾರ 300 ಮತ್ತು 350, ಬುಧವಾರ 400 ಮತ್ತು 450. ಗುರುವಾರ ಬೆಳಿಗ್ಗೆ ಹುಳುಗಳು ಜ್ವರದತ್ತ ಹೊರಟಿರುವುದರಿಂದ 200 ಗ್ರಾಂ ಮಾತ್ರ, ಅದೂ ಇನ್ನೂ ಸಣ್ಣಗೆ ಹೆಚ್ಚಿ. ಕೂಡಿದರೆ ಮೊದಲ ವಯಸ್ಸಿಗೆ 2,150 ಗ್ರಾಂ ಆಯಿತು.

ಗುರುವಾರ ಮಧ್ಯಾಹ್ನದಿಂದ ಶುಕ್ರವಾರ ಮಧ್ಯಾಹ್ನದವರೆಗೆ ಮೊದಲ ಜ್ವರ, ಆಗ ಮೇವಿಲ್ಲ. ಶುಕ್ರವಾರ ಸಂಜೆ 700 ಗ್ರಾಂನಿಂದ ಎರಡನೇ ವಯಸ್ಸು ಶುರು. ಶನಿವಾರ 1,100 ಮತ್ತು 1,300, ಭಾನುವಾರ 1,500 ಮತ್ತು 1,300, ಸೋಮವಾರ ಬೆಳಿಗ್ಗೆ 500, ಒಟ್ಟು 6,400 ಗ್ರಾಂ. ಈ ವಯಸ್ಸಿನಲ್ಲಿ ತುಂಡುಗಳನ್ನು ಒಂದೂವರೆಯಿಂದ ಎರಡು ಸೆಂಟಿಮೀಟರ್ ಚೌಕಕ್ಕೆ ದೊಡ್ಡದು ಮಾಡಬಹುದು. ಸೋಮವಾರ ಮಧ್ಯಾಹ್ನ ಎರಡನೇ ಜ್ವರ, ಮಂಗಳವಾರ ಮಧ್ಯಾಹ್ನಕ್ಕೆ ಅದು ಏಳುತ್ತದೆ. ಇದು 27, 28 ಡಿಗ್ರಿ ಕಾಪಾಡಿಕೊಂಡಾಗಿನ ಲೆಕ್ಕ. ಕೋಣೆ ತಣ್ಣಗಿದ್ದರೆ ಪ್ರತಿ ಘಟ್ಟವೂ ಮುಂದಕ್ಕೆ ಹೋಗುತ್ತದೆ, ಆದ್ದರಿಂದ ಗಡಿಯಾರಕ್ಕಿಂತ ಹುಳುವನ್ನೇ ನೋಡಿ ನಿರ್ಧರಿಸಬೇಕು. ಗ್ರಾಂ ಲೆಕ್ಕವೂ ಅಷ್ಟೆ: ಮುಂದಿನ ಮೇವಿನ ಹೊತ್ತಿಗೆ ಹಿಂದಿನ ಸೊಪ್ಪು ಹೆಚ್ಚು ಉಳಿದಿದ್ದರೆ ಕಡಿಮೆ ಮಾಡಿ, ಎಲೆಯ ನರ ಮಾತ್ರ ಉಳಿದಿದ್ದರೆ ಹೆಚ್ಚಿಸಿ.

ಜಾಗದ ಲೆಕ್ಕ ಪರೀಕ್ಷೆಗೂ ಬರುತ್ತದೆ. ಕಟ್ಟಿದ ದಿನ 4 ಚದರ ಅಡಿ, ಮೊದಲ ವಯಸ್ಸಿನ ಕೊನೆಗೆ 14, ಎರಡನೇ ವಯಸ್ಸಿನ ಕೊನೆಗೆ 45. ನಮ್ಮ ಟ್ರೇ ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎಂದರೆ 6 ಚದರ ಅಡಿ. ಆದ್ದರಿಂದ ಒಂದು ಟ್ರೇಯಿಂದ ಶುರುವಾಗಿ, ಗುರುವಾರಕ್ಕೆ ಮೂರು, ಕೊನೆಗೆ ಎಂಟು ಟ್ರೇ ಬೇಕು. ಹರಡುವ ಕೆಲಸವನ್ನು ಪ್ರತಿ ಮೇವಿಗೆ ಮೊದಲು ಸ್ವಲ್ಪ ಸ್ವಲ್ಪವಾಗಿ ಮಾಡಬೇಕು. ಕೊನೆಯ ದಿನಕ್ಕೆಂದು ಉಳಿಸಿದರೆ ಅಷ್ಟರಲ್ಲಿ ಹುಳು ಒಂದರ ಮೇಲೊಂದು ಬಿದ್ದಿರುತ್ತವೆ.

ಹಾಸಿಗೆಯ ಕಸ, ಹಿಕ್ಕೆ ತೆಗೆಯುವುದನ್ನು ಮೊದಲ ವಯಸ್ಸಿನಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ, ಅಷ್ಟು ಚಿಕ್ಕ ಹುಳು ಕಸದ ಜೊತೆ ಹೋಗಿಬಿಡುತ್ತವೆ. ಎರಡನೇ ವಯಸ್ಸಿನಲ್ಲಿ ಎರಡು ಸಲ, ಜ್ವರ ಎದ್ದ ಮೇಲೆ ಒಮ್ಮೆ ಮತ್ತು ಮುಂದಿನ ಜ್ವರಕ್ಕೆ ಮೊದಲು ಒಮ್ಮೆ. ಅರ್ಧ ಸೆಂಟಿಮೀಟರ್ ಕಣ್ಣಿನ ಬಲೆ ಹಾಸಿ, ಅದರ ಮೇಲೆ ಸೊಪ್ಪು ಹಾಕಿ, ಹುಳುಗಳು ಮೇಲಕ್ಕೆ ಹತ್ತಿದ ನಂತರ ಬಲೆಯನ್ನೇ ಎತ್ತಿ ಬೇರೆ ಟ್ರೇಗೆ ಸಾಗಿಸಬೇಕು.

ಆರನೇ ಹಂತ: ಜ್ವರ ಗುರುತಿಸುವುದು

ಹೆಚ್ಚು ಬೆಳೆ ಕೆಡುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ, ಆದ್ದರಿಂದ ಉಳಿದ ಭಾಗವನ್ನು ಬೇಗ ಓದಿದರೂ ಇದನ್ನು ನಿಧಾನವಾಗಿ ಓದಿ. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಹಳೆಯ ಚರ್ಮ ಕಳಚಿ ಹೊಸದು ಪಡೆಯುವ ಸುಮಾರು ಒಂದು ದಿನದ ವಿಶ್ರಾಂತಿ. ಜ್ವರಕ್ಕೆ ಕೂತ ಹುಳು ಮೇವು ಬಿಟ್ಟು, ಹಿಂಗಾಲುಗಳನ್ನು ಹಾಸಿಗೆಗೆ ಅಂಟಿಸಿ, ತಲೆ ಮೇಲೆತ್ತಿ ಕದಲದೆ ಇರುತ್ತದೆ. ಮೈ ಮೋಟಾಗಿ ಹೊಳೆಯುತ್ತದೆ. ತಲೆಯ ಹಿಂದೆ ಚಿಕ್ಕ ಕಪ್ಪು ತ್ರಿಕೋನ ಕಾಣಿಸುತ್ತದೆ, ಅದು ಹಳೆಯ ಚರ್ಮದಡಿ ಬೆಳೆಯುತ್ತಿರುವ ಹೊಸ ತಲೆ. ಪ್ರಾಯೋಗಿಕ ತರಗತಿಗೆ ಬರುವಾಗ ಒಂದು ಭೂತಗನ್ನಡಿ ತನ್ನಿ, ಈ ತ್ರಿಕೋನವನ್ನು ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹುಳು ಹೀಗೆ ಕೂತಾಗ ಮೇವು ನಿಲ್ಲಿಸಬೇಕು. ಮೇಲಿನ ಪ್ಯಾರಾಫಿನ್ ಕಾಗದ, ಫೋಮ್ ಪಟ್ಟಿ ಎರಡನ್ನೂ ತೆಗೆದು, ಹಾಸಿಗೆಯ ಮೇಲೆ ಅರಳಿದ ಸುಣ್ಣದ ಪುಡಿಯನ್ನು ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ ಧೂಳಿನಂತೆ ಉದುರಿಸಬೇಕು. ಸುಣ್ಣ ತೇವವನ್ನು ಹೀರುತ್ತದೆ, ಉಳಿದ ಸೊಪ್ಪು ಬೇಗ ಒಣಗುತ್ತದೆ, ಬೇಗ ಏಳುವ ಹುಳುವಿಗೆ ತಿನ್ನಲು ಏನೂ ಸಿಗುವುದಿಲ್ಲ. ಈಗ ಕೋಣೆಯ ತೇವ ಶೇ 70ಕ್ಕೆ ಇಳಿಯಬೇಕು, ಬಲ್ಬುಗಳ ವ್ಯತ್ಯಾಸ ಸುಮಾರು 4 ಡಿಗ್ರಿ ಇರಬೇಕು. ಹಾಸಿಗೆ ಒದ್ದೆಯಾಗಿಯೇ ಉಳಿದರೆ ಚರ್ಮ ಸರಿಯಾಗಿ ಕಳಚುವುದಿಲ್ಲ, ಹುಳುಗಳು ಏಳುವ ಹೊತ್ತೂ ಏರುಪೇರಾಗುತ್ತದೆ.

ಜ್ವರ ಎದ್ದ ಹುಳುವಿನ ತಲೆ ಮೈಗಿಂತ ದೊಡ್ಡದಾಗಿ, ತಿಳಿ ಕಂದು ಬಣ್ಣದಲ್ಲಿ ಕಾಣುತ್ತದೆ, ಚರ್ಮ ಸಡಿಲವಾಗಿ ಸುಕ್ಕುಗಟ್ಟಿರುತ್ತದೆ. ಮೆಲ್ಲಗೆ ಊದಿದರೆ ತಲೆ ಆಡಿಸುತ್ತಾ ಮೇವಿಗಾಗಿ ಹುಡುಕುತ್ತದೆ. ನೂರಕ್ಕೆ ತೊಂಬತ್ತೈದು ಎದ್ದ ಮೇಲೆ ಹಾಸಿಗೆ ಸೋಂಕು ನಿವಾರಕ ಪುಡಿಯನ್ನು (ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ 'ವಿಜೇತ' ಇದಕ್ಕೆ ಉದಾಹರಣೆ) ಹುಳುಗಳ ಮೇಲೆ ತೆಳ್ಳಗೆ ಉದುರಿಸಿ, ಅರ್ಧ ಗಂಟೆ ಬಿಟ್ಟು ಮೇವು ಹಾಕಬೇಕು.

ಕಳೆದ ವರ್ಷ ನಮ್ಮ ಮನೆಯಲ್ಲಿ ಈ ಕಾಯುವಿಕೆಯಲ್ಲೇ ನಾನು ತಪ್ಪಿದೆ. ಅರ್ಧದಷ್ಟು ಹುಳು ಎದ್ದು ತಲೆಯಾಡಿಸುತ್ತಿರುವುದನ್ನು ನೋಡಿ, ಪಾಪ ಹಸಿದಿವೆ ಎಂದು ಸೊಪ್ಪು ಹಾಕಿಬಿಟ್ಟೆ. ಅಜ್ಜಿ ಬಂದು ನೋಡಿ, "ಎದ್ದಿರೋವು ಒಂದೊತ್ತು ಕಾದ್ರೆ ಏನೂ ಆಗಲ್ಲ ಕಣವ್ವ, ಕೂತಿರೋವು ಸೊಪ್ಪಿನಡಿ ಸಿಕ್ಕಾಕ್ಕೊಂಡ್ರೆ ಏಳಲ್ಲ" ಅಂದರು. ಹಾಗೆಯೇ ಆಯಿತು. ತಡವಾಗಿ ಎದ್ದವು ಸೊಪ್ಪಿನ ಕೆಳಗೆ ಉಳಿದು ಚಿಕ್ಕವಾದವು, ಎರಡನೇ ಜ್ವರಕ್ಕೆ ಕೂರುವ ಹೊತ್ತಿಗೆ ಒಂದೇ ಟ್ರೇಯಲ್ಲಿ ಮೂರು ಅಳತೆಯ ಹುಳುಗಳಿದ್ದವು. ಮೇಡಂ ಹೇಳಿದ ಶೇ 95ರ ನಿಯಮದ ಹಿಂದಿನ ಕಾರಣ ನನಗೆ ಆಗಲೇ ಮನದಟ್ಟಾಗಿತ್ತು. ಎದ್ದ ಹುಳು ಕೆಲವು ಗಂಟೆ ಉಪವಾಸ ತಡೆಯಬಲ್ಲದು, ಜ್ವರದಲ್ಲಿರುವ ಹುಳು ತೇವವನ್ನೂ ಭಾರವನ್ನೂ ತಡೆಯಲಾರದು.

ಏಳನೇ ಹಂತ: ಎಣಿಕೆ ಮತ್ತು ಸಾಗಣೆ

ಎರಡನೇ ಜ್ವರದಲ್ಲಿ ಹುಳು ಕದಲದೆ ಇರುವುದರಿಂದ ಎಣಿಸಲು ಅದೇ ಒಳ್ಳೆಯ ಸಮಯ. 38,000 ಹುಳು 45 ಚದರ ಅಡಿಯಲ್ಲಿ ಸಮನಾಗಿ ಹರಡಿದ್ದರೆ ಒಂದು ಚದರ ಅಡಿಗೆ ಸುಮಾರು 844 ಆಗುತ್ತದೆ. ರಟ್ಟಿನಲ್ಲಿ 10 ಸೆಂಟಿಮೀಟರ್ ಚೌಕದ ಕಿಂಡಿ ಕತ್ತರಿಸಿ ಹಾಸಿಗೆಯ ಮೇಲೆ ಹಿಡಿದರೆ ಅದರೊಳಗೆ ಸುಮಾರು 90 ಹುಳು ಕಾಣಬೇಕು. ಎಂಟೂ ಟ್ರೇಗಳಲ್ಲಿ ನಡುವೆ ಒಂದು ಸಲ, ಅಂಚಿನಲ್ಲಿ ಒಂದು ಸಲ ಎಣಿಸಿ ಸರಾಸರಿ ತೆಗೆಯಿರಿ. ಸರಾಸರಿ 72 ಬಂದರೆ ಐದರಲ್ಲಿ ಒಂದು ಪಾಲು ಹುಳು ಕಳೆದುಹೋಗಿದೆ ಎಂದಾಯಿತು. ಹುಳುಗಳು ಸಮನಾಗಿ ಹರಡಿರದಿದ್ದರೆ ಈ ಎಣಿಕೆ ಒಂದು ಅಂದಾಜು ಮಾತ್ರ. ಆದರೂ ಅಂಚಿನಲ್ಲಿ ಹುಳು ಗುಂಪುಗೂಡಿ ನಡುವೆ ಖಾಲಿ ಇದ್ದರೆ ಸೊಪ್ಪು ಬಾಡಿ ಹುಳು ಅಲೆದಿವೆ ಎಂದೂ, ಕಸ ತೆಗೆದ ದಿನದ ನಂತರ ಸಂಖ್ಯೆ ಕುಸಿದಿದ್ದರೆ ಅವು ಕಸದ ಜೊತೆ ಹೋಗಿವೆ ಎಂದೂ ಊಹಿಸಬಹುದು. ಅನುಮಾನವಿದ್ದರೆ ತೆಗೆದ ಕಸವನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ.

ಚಾಕಿ ಕೇಂದ್ರಗಳು ಹುಳುವನ್ನು ರೈತರಿಗೆ ಕೊಡುವುದೂ ಎರಡನೇ ಜ್ವರದ ಈ ಘಟ್ಟದಲ್ಲೇ. ಸಾಗಣೆ ಬೆಳಗಿನ ಜಾವ ಅಥವಾ ಬಿಸಿಲು ಇಳಿದ ಮೇಲೆ ಆಗಬೇಕು, ಟ್ರೇಗಳ ನಡುವೆ ಗಾಳಿ ಆಡುವಷ್ಟು ಅಂತರವಿರಬೇಕು, ಗಾಡಿಯ ಮೇಲೆ ನೆರಳಿನ ಹೊದಿಕೆ ಇರಬೇಕು. ಜ್ವರದಲ್ಲಿ ಕೂತ ಹುಳುವನ್ನು ಕೊಡುವಾಗ, ಅದು ಎಷ್ಟು ಗಂಟೆಗೆ ಕೂತಿತು ಎಂಬುದನ್ನು ಚೀಟಿಯಲ್ಲಿ ಬರೆದು ಟ್ರೇಗೆ ಅಂಟಿಸಿ ಕೊಡಬೇಕು. ಮೊದಲ ಮೇವನ್ನು ಯಾವಾಗ ಹಾಕಬೇಕೆಂದು ರೈತರು ಆ ಚೀಟಿಯನ್ನು ನೋಡಿಕೊಂಡೇ ಲೆಕ್ಕ ಹಾಕುತ್ತಾರೆ.